ಏಳು ನಲವತ್ತೋ, ಏಳು ಮೂವತ್ತೈದೋ?

1995ರ ನವೆಂಬರ್ 1, ಬುಧವಾರ. ಧಾರವಾಡದಲ್ಲಿ ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ ಒಂದು ಹೆಣ್ಣುಮಗು ಹುಟ್ಟಿತು ಎಂದುಕೊಳ್ಳೋಣ. ಮಗು ನನ್ನ ಕಲ್ಪನೆಯದು, ಆ ಹೊತ್ತಿನ ಆಕಾಶ ಮಾತ್ರ ನಿಜದ್ದು. ಜೋಯಿಸರು ಲೆಕ್ಕ ಹಾಕಿ ವೃಶ್ಚಿಕ ಲಗ್ನ ಎನ್ನುತ್ತಾರೆ. ಅಷ್ಟರಲ್ಲಿ ಅಜ್ಜಿ, ‘ಇಲ್ಲ, ನರ್ಸು ಹೊರಗೆ ಬಂದು ಹೇಳಿದ್ದು ಏಳು ನಲವತ್ತಕ್ಕೆ, ಕೂಸು ಹುಟ್ಟಿದ್ದು ಅದಕ್ಕೂ ಐದು ನಿಮಿಷ ಮೊದಲು’ ಎನ್ನುತ್ತಾಳೆ. ಲೆಕ್ಕ ಮತ್ತೆ ಮಾಡಿದರೆ ಈ ಸಲ ತುಲಾ ಲಗ್ನ. ಐದೇ ನಿಮಿಷಕ್ಕೆ ಇಡೀ ಕುಂಡಲಿ ಒಂದು ಮನೆ ಜರುಗಿ ಕೂತಿತು. ಲಗ್ನಾಧಿಪತಿ ಕುಜ ಹೋಗಿ ಶುಕ್ರ ಬಂದ.

ಹೀಗೇಕೆ ಆಗುತ್ತದೆ ಎಂದು ತಿಳಿಯಲು ಜ್ಯೋತಿಷ್ಯವನ್ನು ನಂಬಲೂ ಬೇಕಿಲ್ಲ, ಬಿಡಲೂ ಬೇಕಿಲ್ಲ. ಫಲ ಹೇಳುವುದು ನಂಬಿಕೆಗೆ ಬಿಟ್ಟ ವಿಚಾರ. ಲಗ್ನ ಕಂಡುಹಿಡಿಯುವುದು ಮಾತ್ರ ಶುದ್ಧ ಖಗೋಳ ಗಣಿತ, ಯಾರು ಮಾಡಿದರೂ ಒಂದೇ ಉತ್ತರ ಬರಬೇಕಾದ ಲೆಕ್ಕ.

ವರ್ಷವಿಡೀ ಸೂರ್ಯ ಆಕಾಶದಲ್ಲಿ ಸಾಗುವಂತೆ ಕಾಣುವ ದಾರಿಗೆ ಕ್ರಾಂತಿವೃತ್ತ ಎಂದು ಹೆಸರು. ಅದನ್ನೇ 30 ಡಿಗ್ರಿಗಳ ಹನ್ನೆರಡು ಪಾಲು ಮಾಡಿದರೆ ಮೇಷದಿಂದ ಮೀನದವರೆಗಿನ ರಾಶಿಗಳು. ಭೂಮಿ ತನ್ನ ಸುತ್ತ ತಾನು ತಿರುಗುವುದರಿಂದ ಈ ಇಡೀ ಚಕ್ರ ದಿನಕ್ಕೊಮ್ಮೆ ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗುತ್ತದೆ. ಮಗು ಹುಟ್ಟಿದ ಕ್ಷಣದಲ್ಲಿ, ಹುಟ್ಟಿದ ಊರಿನ ಪೂರ್ವ ಕ್ಷಿತಿಜವನ್ನು ಈ ಚಕ್ರದ ಯಾವ ಬಿಂದು ಮುಟ್ಟಿತ್ತೋ ಅದೇ ಲಗ್ನ. ಅದೊಂದು ಬಿಂದು ಎಂಬುದನ್ನು ನಾವು ಮರೆತುಬಿಡುತ್ತೇವೆ. ‘ನನ್ನದು ಸಿಂಹ ಲಗ್ನ’ ಎನ್ನುವವರು ನೂರು ಜನ ಸಿಗುತ್ತಾರೆ, ಸಿಂಹದ ಎಷ್ಟನೆಯ ಡಿಗ್ರಿ ಎಂದರೆ ಉತ್ತರ ಕೊಡುವವರು ಅಪರೂಪ. ಐದು ನಿಮಿಷದ ಜಗಳ ತೀರುವುದು ಆ ಡಿಗ್ರಿಯಲ್ಲೇ.

ಚಂದ್ರ ಒಂದು ಗಂಟೆಯಲ್ಲಿ ಸರಿಯುವುದು ಸುಮಾರು ಅರ್ಧ ಡಿಗ್ರಿ. ಸೂರ್ಯನಿಗೆ ಒಂದು ಡಿಗ್ರಿ ದಾಟಲು ಒಂದು ದಿನ ಬೇಕು, ಶನಿಗೆ ವಾರಗಟ್ಟಲೆ. ಲಗ್ನವೋ ಸರಾಸರಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಓಡುತ್ತದೆ. ಜಾತಕದಲ್ಲಿ ಗಡಿಯಾರದ ತಪ್ಪಿಗೆ ಮೊದಲು ಬಲಿಯಾಗುವುದು ಅದೇ.

ಈಗ ನಮ್ಮ ಮಗುವಿನ ಲೆಕ್ಕ ಮಾಡೋಣ. ಆಸ್ಪತ್ರೆಯ ಗಡಿಯಾರ ತೋರಿಸಿದ್ದು ಭಾರತೀಯ ಸಮಯ. ಅದು ಧಾರವಾಡದ ಸ್ವಂತ ಸಮಯವಲ್ಲ, ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82½ ಡಿಗ್ರಿ ಪೂರ್ವ ರೇಖಾಂಶದ ಸಮಯ. ಧಾರವಾಡ ಇರುವುದು ಸುಮಾರು 75 ಡಿಗ್ರಿಯಲ್ಲಿ, ಅಂದರೆ ಏಳೂವರೆ ಡಿಗ್ರಿ ಪಶ್ಚಿಮಕ್ಕೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕಾದ್ದರಿಂದ ಸರಿಯಾಗಿ 30 ನಿಮಿಷದ ಅಂತರ. ಗಡಿಯಾರ 7-40 ಎಂದಾಗ ಧಾರವಾಡದ ಸ್ಥಳೀಯ ಕಾಲ 7-10 ಮಾತ್ರ. ಹುಟ್ಟಿದ ಊರು ಯಾಕೆ ಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಸ್ಥಳೀಯ ಕಾಲ ಸಿಕ್ಕರೂ ಸಾಲದು. ನಮ್ಮ ಗಡಿಯಾರ ಸೂರ್ಯನನ್ನು ಅನುಸರಿಸುವಂಥದ್ದು, ರಾಶಿಗಳು ತಿರುಗುವುದು ನಕ್ಷತ್ರಗಳ ಜೊತೆ. ನಕ್ಷತ್ರಗಳು ಒಂದು ಸುತ್ತು ಮುಗಿಸಲು 24 ಗಂಟೆ ತೆಗೆದುಕೊಳ್ಳುವುದಿಲ್ಲ, 23 ಗಂಟೆ 56 ನಿಮಿಷ 4 ಸೆಕೆಂಡಿಗೇ ಮುಗಿಸುತ್ತವೆ. ಹಾಗಾಗಿ ಅವುಗಳಿಗೆ ಬೇರೆಯದೇ ಗಡಿಯಾರ ಬೇಕು. ಅದರ ಹೆಸರು ನಾಕ್ಷತ್ರ ಕಾಲ. ಯಾವ ದಿನ ಗ್ರೀನಿಚ್‌ನಲ್ಲಿ ನಡುರಾತ್ರಿ ಈ ಗಡಿಯಾರ ಎಷ್ಟು ತೋರಿಸುತ್ತದೆ ಎಂದು ಗ್ರಹಸ್ಥಿತಿಯ ಪುಸ್ತಕಗಳಲ್ಲಿ ಅಚ್ಚಾಗಿರುತ್ತದೆ. 1995ರ ನವೆಂಬರ್ 1ಕ್ಕೆ ಅದು 2 ಗಂಟೆ 39 ನಿಮಿಷ 15 ಸೆಕೆಂಡು.

ನಮ್ಮ 7-40ರಲ್ಲಿ ಐದೂವರೆ ಗಂಟೆ ಕಳೆದರೆ ಗ್ರೀನಿಚ್‌ನ ಸಮಯ 2-10. ನಡುರಾತ್ರಿಯಿಂದ ಕಳೆದಿರುವ ಈ 2 ಗಂಟೆ 10 ನಿಮಿಷವನ್ನು ನಕ್ಷತ್ರಗಳ ಲೆಕ್ಕಕ್ಕೆ ತರಲು ಗಂಟೆಗೆ ಸುಮಾರು 10 ಸೆಕೆಂಡಿನಂತೆ 21 ಸೆಕೆಂಡು ಸೇರಿಸಬೇಕು. ಎಲ್ಲ ಕೂಡಿದರೆ 4 ಗಂಟೆ 49 ನಿಮಿಷ 36 ಸೆಕೆಂಡು. ಇದು ಗ್ರೀನಿಚ್‌ನದು. ಧಾರವಾಡ ಅಲ್ಲಿಂದ 75 ಡಿಗ್ರಿ ಪೂರ್ವಕ್ಕಿರುವುದರಿಂದ ಐದು ಗಂಟೆ ಕೂಡಿಸಬೇಕು. ಮಗು ಹುಟ್ಟಿದಾಗ ಧಾರವಾಡದ ನಾಕ್ಷತ್ರ ಕಾಲ 9 ಗಂಟೆ 49 ನಿಮಿಷ 36 ಸೆಕೆಂಡು. ಕೂಡುವುದು ಕಳೆಯುವುದು ಬಿಟ್ಟರೆ ಇಲ್ಲಿಯವರೆಗೆ ಬೇರೇನೂ ಇಲ್ಲ.

ಇನ್ನು ಬೇಕಾದದ್ದು ಅಕ್ಷಾಂಶ. ಧಾರವಾಡದ್ದು 15 ಡಿಗ್ರಿ 27 ಕಲೆ ಉತ್ತರ. ಒಂದು ಡಿಗ್ರಿಗೆ 60 ಕಲೆ. ನಾಕ್ಷತ್ರ ಕಾಲ ಮತ್ತು ಅಕ್ಷಾಂಶ ಎರಡೂ ಕೈಯಲ್ಲಿದ್ದರೆ ಲಗ್ನ ಒಂದು ತ್ರಿಕೋನಮಿತಿಯ ಸೂತ್ರದಿಂದ ಬರುತ್ತದೆ. ಹಿಂದಿನ ತಲೆಮಾರಿನ ಜೋಯಿಸರು ಸೂತ್ರದ ಗೊಡವೆಗೆ ಹೋಗುತ್ತಿರಲಿಲ್ಲ, ಎನ್.ಸಿ. ಲಾಹಿರಿಯವರು ಅಕ್ಷಾಂಶವಾರು ಸಿದ್ಧಪಡಿಸಿದ ಲಗ್ನದ ಕೋಷ್ಟಕ ತೆರೆದು ನೋಡುತ್ತಿದ್ದರು. ಈಗ ಮೊಬೈಲ್ ಆ ಸೂತ್ರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುತ್ತದೆ. ನಮ್ಮ ಮಗುವಿಗೆ ಬರುವ ಉತ್ತರ ವೃಶ್ಚಿಕದ 24 ಡಿಗ್ರಿ 21 ಕಲೆ.

ಆದರೆ ಇದು ಸಾಯನ ಲೆಕ್ಕ, ಪಾಶ್ಚಾತ್ಯ ಜ್ಯೋತಿಷಿಗಳು ಬಳಸುವಂಥದ್ದು. ಅದರಲ್ಲಿ ಮೇಷದ ಆರಂಭ ಎಂದರೆ ಮಾರ್ಚ್ ತಿಂಗಳ ವಿಷುವದಂದು ಸೂರ್ಯ ಇರುವ ಜಾಗ. ಆ ಜಾಗ ನಕ್ಷತ್ರಗಳ ನಡುವೆ ವರ್ಷಕ್ಕೆ ಸುಮಾರು 50 ವಿಕಲೆಯಷ್ಟು ಹಿಂದೆ ಸರಿಯುತ್ತ ಬಂದಿದೆ. ನಮ್ಮ ಪಂಚಾಂಗಗಳು ನಕ್ಷತ್ರಗಳನ್ನು ಹಿಡಿದುಕೊಂಡಿರುವುದರಿಂದ ಆ ಸರಿದಷ್ಟನ್ನು ಕಳೆಯಬೇಕು. ಅದೇ ಅಯನಾಂಶ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1950ರ ದಶಕದಲ್ಲಿ ಒಪ್ಪಿಕೊಂಡ, ಲಾಹಿರಿ ಅಯನಾಂಶ ಎಂದೇ ಹೆಸರಾದ ಮೌಲ್ಯ ನಮ್ಮ ಮಗು ಹುಟ್ಟಿದ ದಿನ 23 ಡಿಗ್ರಿ 48 ಕಲೆ ಇತ್ತು. ಕಳೆದರೆ ಉಳಿಯುವುದು ವೃಶ್ಚಿಕದ 33 ಕಲೆ.

ಅಂದರೆ ಡಿಗ್ರಿಯ ಜಾಗದಲ್ಲಿ ಸೊನ್ನೆ! ರಾಶಿಯೊಳಗೆ ಅರ್ಧ ಡಿಗ್ರಿಯಷ್ಟು ಮಾತ್ರ ಕಾಲಿಟ್ಟ ಲಗ್ನ. ಹಿಂದಕ್ಕೆ ಲೆಕ್ಕ ಹಾಕಿದರೆ ಅಂದು ಧಾರವಾಡದಲ್ಲಿ ತುಲಾ ಮುಗಿದು ವೃಶ್ಚಿಕ ಶುರುವಾದದ್ದು 7 ಗಂಟೆ 37 ನಿಮಿಷ 34 ಸೆಕೆಂಡಿಗೆ. ಅಜ್ಜಿ ಹೇಳಿದ 7-35 ಆ ಗಡಿಯ ಆಚೆ ಬೀಳುತ್ತದೆ, ತುಲಾದ 29 ಡಿಗ್ರಿ 25 ಕಲೆಗೆ. ಇದೇ ಮಗು 8-40ಕ್ಕೆ ಹುಟ್ಟಿದ್ದರೆ ಅಜ್ಜಿಯ ಐದು ನಿಮಿಷಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ, ಆ ಹೊತ್ತಿಗೆ ಲಗ್ನ ವೃಶ್ಚಿಕದ ನಡುಮಧ್ಯಕ್ಕೆ ಬಂದಿರುತ್ತಿತ್ತು. ಹಾಗಾಗಿ ‘ನಿಮಿಷ ಮುಖ್ಯವೇ’ ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಲಗ್ನದ ಡಿಗ್ರಿ 3ರಿಂದ 27ರ ನಡುವೆ ಇದ್ದರೆ ನಮ್ಮ ಕಡೆಯ ಊರುಗಳಲ್ಲಿ ಐದು ಹತ್ತು ನಿಮಿಷದ ತಪ್ಪು ರಾಶಿಯನ್ನು ಬದಲಿಸುವುದು ಅಪರೂಪ. ಎರಡು ತುದಿಗಳಲ್ಲಿದ್ದರೆ ಆಸ್ಪತ್ರೆಯ ದಾಖಲೆಯನ್ನು ಹುಡುಕಿ ತೆಗೆಯಲೇಬೇಕು.

ನಮ್ಮ ದಕ್ಷಿಣದ ಪದ್ಧತಿಯಲ್ಲಿ ಲಗ್ನವಿರುವ ರಾಶಿಯೇ ಒಂದನೇ ಮನೆ, ಮುಂದಿನದು ಎರಡನೇ ಮನೆ. ಲಗ್ನ ಗಡಿ ದಾಟಿದರೆ ಗ್ರಹಗಳು ಕೂತಲ್ಲೇ ಕೂತಿದ್ದರೂ ಅವುಗಳ ಮನೆಯ ಸಂಖ್ಯೆಯೆಲ್ಲ ಬದಲಾಗುತ್ತದೆ. ಆ ದಿನ ಕುಜ ವೃಶ್ಚಿಕದಲ್ಲಿದ್ದ. ತುಲಾ ಲಗ್ನ ಎಂದರೆ ಕುಜ ಎರಡನೇ ಮನೆಯವನು, ವೃಶ್ಚಿಕ ಎಂದರೆ ಲಗ್ನದಲ್ಲೇ ಕೂತವನು. ಕುಜದೋಷಕ್ಕೆ ಎರಡು, ನಾಲ್ಕು, ಏಳು, ಎಂಟು, ಹನ್ನೆರಡನೇ ಮನೆಗಳನ್ನು ಎಣಿಸುವ ಪದ್ಧತಿಯವರ ಕಣ್ಣಿಗೆ ಅಜ್ಜಿಯ ಸಮಯದಲ್ಲಿ ದೋಷ ಕಾಣುತ್ತದೆ, ಆಸ್ಪತ್ರೆಯ ಸಮಯದಲ್ಲಿ ಕಾಣುವುದಿಲ್ಲ. ಎರಡರ ಬದಲು ಒಂದನೇ ಮನೆಯನ್ನು ಎಣಿಸುವವರಿಗೆ ಇದು ತಿರುಗಿ ಕೂರುತ್ತದೆ. ಸ್ವಂತ ರಾಶಿಯಲ್ಲಿರುವ ಕುಜನಿಗೆ ದೋಷವೇ ಇಲ್ಲ ಎನ್ನುವವರೂ ಇದ್ದಾರೆ. ಹೆಣ್ಣು ನೋಡಲು ಬಂದವರು ಇವುಗಳಲ್ಲಿ ಯಾವುದನ್ನು ಹಿಡಿದುಕೊಂಡು ಬಂದಿರುತ್ತಾರೋ ಹೇಳುವುದು ಕಷ್ಟ. ಒಂದು ಸಂಬಂಧ ಮುಂದುವರಿಯುವುದು, ಮುರಿಯುವುದು ಗೋಡೆ ಗಡಿಯಾರದ ಎರಡೂವರೆ ನಿಮಿಷದ ಮೇಲೆ ನಿಲ್ಲುವುದೆಂದರೆ ನನಗಂತೂ ಸರಿ ಎನ್ನಿಸದು.

ಊರಿನ ವಿಚಾರದಲ್ಲಿ ಉಳಿದ ಅರ್ಧ ಉತ್ತರಕ್ಕೆ ಬರೋಣ. ಇದೇ ದಿನ ಬೆಂಗಳೂರಿನಲ್ಲಿ ವೃಶ್ಚಿಕ ಲಗ್ನ ಶುರುವಾದದ್ದು 7-24ರ ಸುಮಾರಿಗೆ, ಧಾರವಾಡಕ್ಕಿಂತ 14 ನಿಮಿಷ ಮೊದಲು. ಅದರಲ್ಲಿ 10 ನಿಮಿಷದ ಮೇಲಷ್ಟು ರೇಖಾಂಶದ ಪಾಲು. ಬೆಂಗಳೂರು ಪೂರ್ವಕ್ಕಿದೆ, ಅಲ್ಲಿ ಎಲ್ಲವೂ ಮೊದಲು ಹುಟ್ಟುತ್ತದೆ. ಮಿಕ್ಕ ಮೂರೂವರೆ ನಿಮಿಷ ಅಕ್ಷಾಂಶದ್ದು. ತಂತ್ರಾಂಶದಲ್ಲಿ ಹುಟ್ಟೂರು ಸಿಗಲಿಲ್ಲವೆಂದು ಬೆಂಗಳೂರನ್ನು ಒತ್ತಿದವರ ಜಾತಕದಲ್ಲಿ ಸಮಯ ಸೆಕೆಂಡಿಗೆ ಸರಿಯಿದ್ದರೂ ಲಗ್ನ ಮೂರು ಡಿಗ್ರಿ ಜಾರಿರುತ್ತದೆ. ಹಳ್ಳಿಯ ಬದಲು ತಾಲ್ಲೂಕು ಕೇಂದ್ರ ಹಾಕಿದರೆ ಅಷ್ಟು ಹಾನಿಯಿಲ್ಲ. ನಮ್ಮ ಅಕ್ಷಾಂಶದಲ್ಲಿ ಪೂರ್ವ ಪಶ್ಚಿಮವಾಗಿ ಒಂದು ಕಿಲೋಮೀಟರಿಗೆ ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, 25 ಕಿಲೋಮೀಟರಿಗೂ ಒಂದು ನಿಮಿಷ ಮುಟ್ಟುವುದಿಲ್ಲ.

ಅಕ್ಷಾಂಶ ಮಾಡುವ ಕೆಲಸ ಹೆಚ್ಚು ಸ್ವಾರಸ್ಯದ್ದು. ಒಂದೊಂದು ಲಗ್ನಕ್ಕೆ ಎರಡೆರಡು ಗಂಟೆ ಎಂದು ಹೇಳುವುದು ಸರಾಸರಿಯ ಮಾತು. ಧಾರವಾಡದಲ್ಲಿ ವೃಶ್ಚಿಕ ಏರಲು 2 ಗಂಟೆ 13 ನಿಮಿಷ ಬೇಕು, ಮೀನಕ್ಕೆ 1 ಗಂಟೆ 38 ನಿಮಿಷ ಸಾಕು. ಕ್ರಾಂತಿವೃತ್ತ ಭೂಮಿಯ ಸಮಭಾಜಕಕ್ಕೆ ಇಪ್ಪತ್ತಮೂರೂವರೆ ಡಿಗ್ರಿಯಷ್ಟು ಓರೆಯಾಗಿರುವುದೇ ಇದಕ್ಕೆ ಕಾರಣ. ಕನ್ಯಾ, ತುಲಾ ಹುಟ್ಟುವಾಗ ಧಾರವಾಡದ ಕ್ಷಿತಿಜದಲ್ಲಿ ಅದು ಹೆಚ್ಚುಕಮ್ಮಿ ನೆಟ್ಟಗೆ ನಿಂತಿರುತ್ತದೆ, ಮೀನ ಮೇಷಗಳ ಹೊತ್ತಿಗೆ ವಾಲಿಕೊಂಡಿರುತ್ತದೆ. ಕೆರೆಗೆ ಬಿದ್ದ ಹಗ್ಗವನ್ನು ನೆಟ್ಟಗೆ ಮೇಲೆಳೆದರೆ ಮೊಳ ಮೊಳವಾಗಿ ಬರುತ್ತದೆ, ಅಡ್ಡವಾಗಿ ಎತ್ತಿದರೆ ಉದ್ದಕ್ಕೂ ಒಟ್ಟಿಗೇ ನೀರು ಬಿಡುತ್ತದೆ. ಇದೂ ಹಾಗೆಯೇ. ಆದ್ದರಿಂದ ಮೀನ ಲಗ್ನದವರ ಐದು ನಿಮಿಷ ವೃಶ್ಚಿಕ ಲಗ್ನದವರ ಐದು ನಿಮಿಷಕ್ಕಿಂತ ದುಬಾರಿ.

ಉತ್ತರಕ್ಕೆ ಹೋದಷ್ಟೂ ಈ ವಾಲುವಿಕೆ ಹೆಚ್ಚುತ್ತದೆ. ಲಂಡನ್ನಿನಲ್ಲಿ ಮೀನ ಲಗ್ನ ಸುಮಾರು 51 ನಿಮಿಷದಲ್ಲಿ ಮುಗಿದುಹೋಗುತ್ತದೆ, ಕನ್ಯಾ ಮಾತ್ರ 2 ಗಂಟೆ 50 ನಿಮಿಷ ಕುಳಿತಿರುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳ ಜಾತಕವನ್ನು ಊರಿನ ಪಂಚಾಂಗದ ಲಗ್ನಪಟ್ಟಿ ನೋಡಿ ಬರೆದರೆ ಕೆಡುವುದು ಇಲ್ಲೇ. ಪಟ್ಟಿ ಯಾವ ಊರಿಗೆ ಲೆಕ್ಕ ಹಾಕಿದ್ದೋ ಆ ಊರಿನ ಸುತ್ತಮುತ್ತಲಿಗಷ್ಟೇ ಅದು ಸಲ್ಲುತ್ತದೆ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವುದನ್ನೂ ಕಳೆಯಬೇಕು, ಅದನ್ನು ಮರೆತರೆ ಲಗ್ನ ಬೇರೆ ರಾಶಿಗೇ ಹೋದೀತು.

ಅಯನಾಂಶದಲ್ಲೂ ಒಮ್ಮತವಿಲ್ಲ. ಬೆಂಗಳೂರಿನ ಬಿ.ವಿ. ರಾಮನ್ ಅವರು ಬಳಸಿದ ಅಯನಾಂಶ ಲಾಹಿರಿಯದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ. ಅದರ ಪ್ರಕಾರ ಧಾರವಾಡದಲ್ಲಿ ವೃಶ್ಚಿಕ ಶುರುವಾದದ್ದು 7-31ರ ಹೊತ್ತಿಗೆ. ಅಲ್ಲಿಗೆ ಅಜ್ಜಿಯ ಸಮಯ ಹಿಡಿದರೂ ವೃಶ್ಚಿಕವೇ, ಆಸ್ಪತ್ರೆಯದನ್ನು ಹಿಡಿದರೂ ವೃಶ್ಚಿಕವೇ. ಇಬ್ಬರು ಜೋಯಿಸರು ಒಂದೇ ಸಮಯಕ್ಕೆ ಎರಡು ಲಗ್ನ ಹೇಳಿದರೆ ಒಬ್ಬರಿಗೆ ಲೆಕ್ಕ ಬಾರದು ಎಂದು ತೀರ್ಮಾನಿಸುವ ಮೊದಲು ಯಾವ ಅಯನಾಂಶ ಎಂದು ಕೇಳಿ.

ಲೆಕ್ಕ ದಾರಿ ತಪ್ಪಿದೆಯೇ ಎಂದು ನೋಡಲು ಒಂದು ಸುಲಭದ ಉಪಾಯವಿದೆ. ಸೂರ್ಯೋದಯದ ಕ್ಷಣದಲ್ಲಿ ಪೂರ್ವ ಕ್ಷಿತಿಜದಲ್ಲಿರುವವನು ಸೂರ್ಯನೇ, ಹಾಗಾಗಿ ಆಗಿನ ಲಗ್ನ ಸೂರ್ಯನಿರುವ ರಾಶಿ, ಸೂರ್ಯನಿರುವ ಡಿಗ್ರಿ. ಅಂದು ಧಾರವಾಡದಲ್ಲಿ ಸೂರ್ಯೋದಯ ಆರೂವರೆಗೆ, ಸೂರ್ಯ ತುಲಾದ 14 ಡಿಗ್ರಿ ದಾಟಿದ್ದ. ತುಲಾದಲ್ಲಿ ಉಳಿದದ್ದು ಹದಿನೈದೂವರೆ ಡಿಗ್ರಿ. ತುಲಾ ರಾಶಿ ಧಾರವಾಡದಲ್ಲಿ ಏರಲು ಒಟ್ಟು 128 ನಿಮಿಷ ಬೇಕು, ಅಂದರೆ ಡಿಗ್ರಿಗೆ ನಾಲ್ಕೂಕಾಲು ನಿಮಿಷದ ಮೇಲೆ. ಉಳಿದದ್ದಕ್ಕೆ ಒಂದು ಗಂಟೆ ಏಳು ನಿಮಿಷ. ಆರೂವರೆಗೆ ಕೂಡಿಸಿದರೆ 7-37. ಅಷ್ಟು ಸುತ್ತಿ ಬಂದ ಲೆಕ್ಕವೂ ಇದೇ ಜಾಗಕ್ಕೆ ತಂದು ನಿಲ್ಲಿಸಿತ್ತು. ಇದೇ ಮಗುವಿಗೆ ಯಾರಾದರೂ ಮೇಷವನ್ನೋ ವೃಷಭವನ್ನೋ ಲಗ್ನವೆಂದು ಕೊಟ್ಟರೆ ಬೆಳಿಗ್ಗೆಯ ಬದಲು ಸಂಜೆ 7-40 ಒತ್ತಿದ್ದಾರೆ ಎಂದು ತಿಳಿಯಬೇಕು, ಏಕೆಂದರೆ ಸಂಜೆಯ ಲಗ್ನ ಸೂರ್ಯನಿಗೆ ಎದುರಿನ ರಾಶಿಯ ಆಸುಪಾಸಿನಲ್ಲಿರುತ್ತದೆ.

ಹುಟ್ಟಿದ ಸಮಯವಾದರೂ ಯಾವುದು? ತಲೆ ಹೊರಬಂದದ್ದೋ, ಮೊದಲ ಅಳುವೋ, ಹೊಕ್ಕುಳಬಳ್ಳಿ ಕತ್ತರಿಸಿದ್ದೋ ಎಂಬ ಬಗ್ಗೆ ಜ್ಯೋತಿಷಿಗಳಲ್ಲೇ ಬೇರೆ ಬೇರೆ ಮಾತಿದೆ. ಜನನ ಪ್ರಮಾಣಪತ್ರದಲ್ಲಿ ಸಾಮಾನ್ಯವಾಗಿ ತಾರೀಖು ಇರುತ್ತದೆ, ಗಂಟೆ ಇರುವುದಿಲ್ಲ. ಅದಕ್ಕೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನೋ ಹೆರಿಗೆ ಕೋಣೆಯ ದಾಖಲೆ ಪುಸ್ತಕವನ್ನೋ ನೋಡಬೇಕು. ಅಲ್ಲಿಯೂ 7-40, 7-45 ಎಂಬ ದುಂಡು ಅಂಕಿ ಕಂಡರೆ ಅನುಮಾನ ಪಡಿ. ತಾಯಿಯನ್ನೂ ಮಗುವನ್ನೂ ನೋಡಿಕೊಂಡು ಆಮೇಲೆ ಬರೆದ ಸಮಯ ಅದಾಗಿರಬಹುದು. ಬರೆದವರ ತಪ್ಪೇನಿಲ್ಲ, ಅವರಿಗೆ ಆಗ ಬೇರೆ ಕೆಲಸವಿತ್ತು.

ಹೀಗಿರುವಾಗ ಕೆಲವು ಜಾತಕಗಳು ರಾಶಿಯನ್ನು ಅರವತ್ತು ಪಾಲು ಮಾಡಿ ಷಷ್ಟ್ಯಂಶ ಬರೆದುಕೊಡುತ್ತವೆ. ಅದರ ಒಂದು ಪಾಲು ಅರ್ಧ ಡಿಗ್ರಿ, ಧಾರವಾಡದ ವೃಶ್ಚಿಕದಲ್ಲಿ ಅದು ಎರಡು ನಿಮಿಷ ಹನ್ನೆರಡು ಸೆಕೆಂಡು. ರಾಶಿಯನ್ನು ಒಂಬತ್ತು ಪಾಲು ಮಾಡುವ ನವಾಂಶಕ್ಕೆ ಹದಿನಾಲ್ಕೂಮುಕ್ಕಾಲು ನಿಮಿಷ ಸಿಗುತ್ತದೆ, ಅದು ಒಂದಿಷ್ಟು ತಡೆದುಕೊಂಡೀತು. ‘ಏಳು ನಲವತ್ತರ ಸುಮಾರಿಗೆ’ ಎಂಬ ಮಾತಿನಿಂದ ಷಷ್ಟ್ಯಂಶ ತೆಗೆಯುವವರು ಗಡಿಯಾರ ಹೇಳದ ಅಂಕಿಗಳನ್ನು ತಾವೇ ಸೇರಿಸುತ್ತಿದ್ದಾರೆ ಅಷ್ಟೆ. ಮದುವೆ, ಅಪಘಾತ, ತಂದೆಯ ಸಾವು ಮುಂತಾದ ನಡೆದುಹೋದ ಘಟನೆಗಳಿಗೆ ಹೊಂದುವಂತೆ ಸಮಯವನ್ನು ಹಿಂದೆ ಮುಂದೆ ಎಳೆದು ಜನ್ಮಕಾಲ ಶೋಧನೆ ಮಾಡುವುದುಂಟು. ಎಳೆಯಲು ಅರ್ಧ ಗಂಟೆ ಜಾಗವಿದ್ದು, ಹೊಂದಿಸಲು ನೂರಾರು ಸೂತ್ರಗಳಿದ್ದರೆ ಎಲ್ಲೋ ಒಂದು ಕಡೆ ಹೊಂದಿಯೇ ಹೊಂದುತ್ತದೆ. ಹೊಂದಿತು ಎನ್ನುವುದರಿಂದ ಮಗು ಆಗಲೇ ಹುಟ್ಟಿತ್ತು ಎಂದು ಸಾಬೀತಾಗುವುದಿಲ್ಲ.

ಹಿರಿಯರ ಜಾತಕ ಕೈಗೆ ಬಂದರೆ ಇನ್ನೆರಡು ಸಂಗತಿ ಗಮನಿಸಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. 1943ರಲ್ಲಿ ಬೆಳಿಗ್ಗೆ 7-40 ಎಂದು ಬರೆದಿಟ್ಟಿದ್ದರೆ ಈಗಿನ ಲೆಕ್ಕಕ್ಕೆ ಅದು 6-40. ಇದು ಗೊತ್ತಿಲ್ಲದ ತಂತ್ರಾಂಶ ಲಗ್ನವನ್ನು ಅರ್ಧ ರಾಶಿಯಷ್ಟು ಮುಂದೆ ತಳ್ಳಿಬಿಡುತ್ತದೆ. ಸೂರ್ಯೋದಯದಿಂದ ಇಷ್ಟು ಘಟಿ, ಇಷ್ಟು ವಿಘಟಿ ಎಂದು ಬರೆದ ಜಾತಕಗಳಿಗೆ ಈ ಕಾಟವಿಲ್ಲ. ಘಟಿ ಎಂದರೆ 24 ನಿಮಿಷ, ವಿಘಟಿ ಎಂದರೆ 24 ಸೆಕೆಂಡು, ಸರಕಾರ ಗಡಿಯಾರ ತಿರುಗಿಸಿದರೆ ಸೂರ್ಯ ತಿರುಗುವುದಿಲ್ಲ.

ಆದರೆ ಸೂರ್ಯೋದಯ ಎಂದರೆ ಯಾವುದು ಎಂಬ ಪ್ರಶ್ನೆ ಅಲ್ಲಿ ಕಾದಿರುತ್ತದೆ. ಗಣಿತದ ಪ್ರಕಾರ ಸೂರ್ಯಬಿಂಬದ ನಡುಭಾಗ ಕ್ಷಿತಿಜಕ್ಕೆ ಬರುವುದು ಒಂದು ಸೂರ್ಯೋದಯ. ಗಾಳಿಯ ಪದರದಲ್ಲಿ ಬೆಳಕು ಬಾಗುವುದರಿಂದ ಬಿಂಬದ ಮೇಲಂಚು ನಮ್ಮ ಕಣ್ಣಿಗೆ ಅದಕ್ಕೂ ಮೂರೂವರೆ ನಿಮಿಷ ಮೊದಲೇ ಕಾಣುತ್ತದೆ. ನಮ್ಮ ಧಾರವಾಡದ ಮಗುವಿನ ಜಾತಕದಲ್ಲಿ ‘ಸೂರ್ಯೋದಯಾತ್ 2 ಘಟಿ 55 ವಿಘಟಿ’ ಎಂದು ಬರೆದಿದ್ದರೆ ಅದು 70 ನಿಮಿಷ. ನಡುಬಿಂಬದ ಸೂರ್ಯೋದಯ 6-30ರಿಂದ ಎಣಿಸಿದರೆ 7-40, ವೃಶ್ಚಿಕ ಲಗ್ನ. ಕಣ್ಣಿಗೆ ಕಂಡ 6-26ರಿಂದ ಎಣಿಸಿದರೆ 7-36, ತುಲಾ.